ಒಂದು ಪದ ತಪ್ಪಿದರೆ ಹೇಳಿಕೆಯೇ ತಪ್ಪು: ವಿಧಾನ ಪರಿಷತ್ತಿನ ವಿಧಿಗಳನ್ನು ಇಟ್ಟುಕೊಂಡು ಹೇಳಿಕೆ ಪ್ರಶ್ನೆಗಳನ್ನು ಬಿಡಿಸುವುದು ಹೇಗೆ?

"ಸಂವಿಧಾನವನ್ನು ಎರಡು ಸಲ ಓದಿದ್ದೇನೆ, ಟಿಪ್ಪಣಿಯೂ ಇದೆ. ಆದರೂ ಹೇಳಿಕೆ ಪ್ರಶ್ನೆ ಬಂದಾಗ ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಳ್ಳುತ್ತೇನೆ." ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಓದಿದ್ದು ಸಾಲದೆ ಹೀಗಾಗುತ್ತದೆ ಎಂದು ಹಲವರು ಭಾವಿಸಿ ಇನ್ನೊಂದು ಪುಸ್ತಕ ಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ತೊಂದರೆ ಇರುವುದು ಓದುವ ರೀತಿಯಲ್ಲಿ. ನಾವು ವಿಧಿಯ ಸಾರಾಂಶವನ್ನು ನೆನಪಿಡುತ್ತೇವೆ. ಪ್ರಶ್ನೆ ತಯಾರಿಸುವವರು ಸಾರಾಂಶವನ್ನು ಹಾಗೆಯೇ ಉಳಿಸಿ, ಒಳಗಿನ ಒಂದೇ ಒಂದು ವಿವರವನ್ನು ಬದಲಿಸುತ್ತಾರೆ. ಹಾಗಾಗಿ ಹೇಳಿಕೆ ಓದುವಾಗ ಎಲ್ಲವೂ ಪರಿಚಿತವಾಗಿಯೇ ಕಾಣುತ್ತದೆ. ಆ ಪರಿಚಯವೇ ನಮ್ಮನ್ನು ಮೋಸಗೊಳಿಸುತ್ತದೆ.

ಇಡೀ ಸಂವಿಧಾನವನ್ನು ಒಂದು ಲೇಖನದಲ್ಲಿ ತೋರಿಸಲಾಗದು. ಅದಕ್ಕಾಗಿ ರಾಜ್ಯ ವಿಧಾನ ಪರಿಷತ್ತು ಎಂಬ ಒಂದೇ ವಿಷಯವನ್ನು ಆರಿಸಿಕೊಂಡಿದ್ದೇನೆ. ಕರ್ನಾಟಕದ ಪರೀಕ್ಷೆಗಳಲ್ಲೂ ಕೇಂದ್ರದ ಪರೀಕ್ಷೆಗಳಲ್ಲೂ ಇದು ಮತ್ತೆ ಮತ್ತೆ ಬರುತ್ತದೆ. ಭಿನ್ನರಾಶಿ, ಅವಧಿ, ಬಹುಮತ, ವಯಸ್ಸು ಎಲ್ಲವೂ ಇಲ್ಲಿ ಇವೆ, ಅಂದರೆ ವಿವರ ಬದಲಿಸಲು ಹೇರಳ ಅವಕಾಶವಿದೆ. ಇಲ್ಲಿ ಕಲಿತ ಕ್ರಮವನ್ನು ತುರ್ತು ಪರಿಸ್ಥಿತಿಗೋ ರಾಷ್ಟ್ರಪತಿ ಚುನಾವಣೆಗೋ ನೀವೇ ಅನ್ವಯಿಸಿಕೊಳ್ಳಬಹುದು.

ಮೊದಲು ಕೈಯಲ್ಲಿರಬೇಕಾದದ್ದು

ಸಂವಿಧಾನದ ಮೂಲ ಪಠ್ಯ ಬೇಕೇ ಬೇಕು. ಗೈಡ್ ಪುಸ್ತಕದ ಸಂಕ್ಷೇಪದಿಂದ ಈ ಕೆಲಸ ಆಗುವುದಿಲ್ಲ. ಏಕೆಂದರೆ ಸಂಕ್ಷೇಪಿಸುವಾಗ ಮೊದಲು ಬಿದ್ದುಹೋಗುವುದೇ ಪ್ರಶ್ನೆಗೆ ವಸ್ತುವಾಗುವ ಸಣ್ಣ ಪದಗಳು. ಈ ಲೇಖನಕ್ಕೆ 168ರಿಂದ 173ರವರೆಗಿನ ವಿಧಿಗಳು, 182, 197 ಮತ್ತು 198ನೇ ವಿಧಿಗಳನ್ನು ತೆರೆದಿಟ್ಟುಕೊಳ್ಳಿ. ಕನ್ನಡ, ಇಂಗ್ಲಿಷ್ ಎರಡೂ ಇದ್ದರೆ ಒಳ್ಳೆಯದು. ಜೊತೆಗೆ ಒಂದು ನೋಟ್‌ಬುಕ್ ಮತ್ತು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು.

ಮೂರು ಪದಗಳ ಅರ್ಥ ಈಗಲೇ ತಿಳಿದಿರಲಿ. ವಿಧಿಯೊಳಗಿನ (1), (2) ಎಂಬ ಭಾಗಗಳು ಖಂಡಗಳು. ಸಾಮಾನ್ಯ ನಿಯಮ ಹೇಳಿದ ಬಳಿಕ "ಆದರೆ" ಎಂದು ಬರುವ ವಿನಾಯಿತಿ ಅಥವಾ ಷರತ್ತು ಪರಂತುಕ. "ತಕ್ಕದ್ದು" ಎಂದರೆ ಮಾಡಲೇಬೇಕು, "ಬಹುದು" ಎಂದರೆ ಮಾಡುವ ಅಧಿಕಾರವಿದೆ, ಮಾಡಲೇಬೇಕೆಂಬ ಬಾಧ್ಯತೆಯಿಲ್ಲ. ಈ ಕೊನೆಯ ವ್ಯತ್ಯಾಸವೊಂದರಿಂದಲೇ ಎಷ್ಟೋ ಹೇಳಿಕೆಗಳು ಸುಳ್ಳಾಗುತ್ತವೆ.

1. ವಿಧಿಯನ್ನು ತುಂಡುಮಾಡಿ ಬರೆಯಿರಿ

169ನೇ ವಿಧಿಯಿಂದ ಆರಂಭಿಸೋಣ. ಪರಿಷತ್ತನ್ನು ರಚಿಸುವುದು ಅಥವಾ ರದ್ದುಪಡಿಸುವುದು ಹೇಗೆ ಎಂದು ಅದು ಹೇಳುತ್ತದೆ. ಸಾಮಾನ್ಯವಾಗಿ ನಾವು ಟಿಪ್ಪಣಿ ಮಾಡಿಕೊಳ್ಳುವುದು ಹೀಗೆ: "ವಿಧಾನಸಭೆಯ ನಿರ್ಣಯದ ಮೇರೆಗೆ ಸಂಸತ್ತು ಪರಿಷತ್ತನ್ನು ರಚಿಸುತ್ತದೆ ಅಥವಾ ರದ್ದುಪಡಿಸುತ್ತದೆ." ಇದು ತಪ್ಪಲ್ಲ, ಆದರೆ ಇದರಿಂದ ಒಂದು ಹೇಳಿಕೆಯನ್ನೂ ಪರೀಕ್ಷಿಸಲಾಗದು. ಅದೇ ವಿಧಿಯನ್ನು ಈ ಆರು ಪ್ರಶ್ನೆಗಳ ಉತ್ತರವಾಗಿ ಬರೆದುಕೊಳ್ಳಿ.

ಯಾರು ಮಾಡುವವರು? ಸಂಸತ್ತು. ರಾಷ್ಟ್ರಪತಿಯ ಆದೇಶವಲ್ಲ, ರಾಜ್ಯದ ಕಾನೂನೂ ಅಲ್ಲ.

ಯಾವ ರೂಪದಲ್ಲಿ? ಕಾನೂನಿನ ಮೂಲಕ.

ಬಾಧ್ಯತೆಯೇ, ಅಧಿಕಾರವೇ? "ಬಹುದು", ಅಂದರೆ ಅಧಿಕಾರ ಮಾತ್ರ.

ಷರತ್ತೇನು? ಆ ರಾಜ್ಯದ ವಿಧಾನಸಭೆಯ ನಿರ್ಣಯ. ಪರಿಷತ್ತಿನ ಒಪ್ಪಿಗೆಯನ್ನು ವಿಧಿ ಕೇಳುವುದಿಲ್ಲ.

ಎಷ್ಟು ಬಹುಮತ? ಸಭೆಯ ಒಟ್ಟು ಸದಸ್ಯಬಲದ ಬಹುಮತವೂ ಬೇಕು, ಹಾಜರಿದ್ದು ಮತ ಚಲಾಯಿಸಿದವರಲ್ಲಿ ಮೂರನೇ ಎರಡಕ್ಕೆ ಕಡಿಮೆಯಿಲ್ಲದ ಬಹುಮತವೂ ಬೇಕು.

ಪರಿಣಾಮವೇನು? ಇಂಥ ಕಾನೂನನ್ನು 368ನೇ ವಿಧಿಯ ಉದ್ದೇಶಕ್ಕೆ ಸಂವಿಧಾನ ತಿದ್ದುಪಡಿ ಎಂದು ಪರಿಗಣಿಸುವಂತಿಲ್ಲ.

ಈಗ ಪ್ರತಿ ಸಾಲೂ ಒಂದು ಪ್ರಶ್ನೆಯಾಗಬಲ್ಲದು ಎಂಬುದು ಕಣ್ಣಿಗೆ ಬೀಳುತ್ತದೆ. "ವಿಧಾನಸಭೆ ನಿರ್ಣಯ ಅಂಗೀಕರಿಸಿದರೆ ಸಂಸತ್ತು ಕಾನೂನು ಮಾಡಲೇಬೇಕು" ಎಂದರೆ ಮೂರನೇ ಸಾಲಿನಲ್ಲಿ ತಪ್ಪು. "ಪರಿಷತ್ತಿನ ರದ್ದತಿಗೆ 368ನೇ ವಿಧಿಯಡಿ ತಿದ್ದುಪಡಿ ಅಗತ್ಯ" ಎಂದರೆ ಕೊನೆಯ ಸಾಲಿನಲ್ಲಿ ತಪ್ಪು.

ಮೂರನೇ ಸಾಲಿಗೆ ಜೀವಂತ ಉದಾಹರಣೆಗಳಿವೆ, ಅವನ್ನು ಜೊತೆಗೆ ಇಟ್ಟುಕೊಂಡರೆ ಮರೆಯುವುದಿಲ್ಲ. ಆಂಧ್ರಪ್ರದೇಶದ ವಿಧಾನಸಭೆ 2020ರ ಜನವರಿಯಲ್ಲಿ ತನ್ನ ಪರಿಷತ್ತನ್ನು ರದ್ದುಪಡಿಸಬೇಕೆಂದು ನಿರ್ಣಯ ಮಾಡಿತು. ಸಂಸತ್ತು ಕಾನೂನು ಮಾಡಲಿಲ್ಲ. ಪರಿಷತ್ತು ಎಂದಿನಂತೆ ನಡೆಯಿತು. 2021ರ ನವೆಂಬರ್‌ನಲ್ಲಿ ಸಭೆಯೇ ಆ ನಿರ್ಣಯವನ್ನು ಹಿಂತೆಗೆದುಕೊಂಡಿತು. ಪಶ್ಚಿಮ ಬಂಗಾಳದ ವಿಧಾನಸಭೆ 2021ರಲ್ಲಿ ಪರಿಷತ್ತು ಬೇಕೆಂದು ನಿರ್ಣಯಿಸಿತು. ಬರೀ ಆ ನಿರ್ಣಯದಿಂದ ಅಲ್ಲಿ ಪರಿಷತ್ತು ಹುಟ್ಟಲಿಲ್ಲ.

ಐದನೇ ಸಾಲಿನ ಮೇಲೆ ಸ್ವಲ್ಪ ನಿಲ್ಲಬೇಕು. ನಾನು ನೋಡಿದ ಮಟ್ಟಿಗೆ ಅತಿ ಹೆಚ್ಚು ಮಂದಿ ಎಡವುವುದು ಇಲ್ಲೇ. ಕರ್ನಾಟಕ ವಿಧಾನಸಭೆಯ 224 ಸ್ಥಾನಗಳನ್ನೇ ತೆಗೆದುಕೊಳ್ಳಿ. ಒಟ್ಟು ಸದಸ್ಯಬಲದ ಬಹುಮತ ಎಂದರೆ 113. ಒಂದು ದಿನ 150 ಮಂದಿ ಹಾಜರಿದ್ದು ಮತ ಚಲಾಯಿಸಿದರು ಎನ್ನೋಣ. ಅದರ ಮೂರನೇ ಎರಡು 100. ಆದರೆ 100 ಮತ ಸಾಲದು, ಮೊದಲ ಷರತ್ತು 113 ಕೇಳುತ್ತದೆ. ಇನ್ನೊಂದು ದಿನ 210 ಮಂದಿ ಮತ ಚಲಾಯಿಸಿದರು ಎನ್ನೋಣ. ಈಗ 113 ಸಾಲದು, ಎರಡನೇ ಷರತ್ತು 140 ಕೇಳುತ್ತದೆ. ಎರಡು ಷರತ್ತುಗಳಲ್ಲಿ ಆ ದಿನ ಯಾವುದು ದೊಡ್ಡದೋ ಅದನ್ನು ದಾಟಲೇಬೇಕು. ಇದನ್ನೇ "ಒಟ್ಟು ಸದಸ್ಯರ ಮೂರನೇ ಎರಡರಷ್ಟು" ಎಂದು ಬರೆದರೆ ಯಾವ ದಿನವಾದರೂ 150 ಮತ ಬೇಕು ಎಂದಾಗುತ್ತದೆ. ಅದು ಸಂವಿಧಾನ ಹೇಳದ ಮಾತು. ಒಂದು ಸಲ ಕಾಗದದ ಮೇಲೆ ಈ ಲೆಕ್ಕ ಮಾಡಿ ನೋಡಿ, ಬಹುಮತದ ಪದಗಳು ಮುಂದೆಂದೂ ಒಂದರೊಳಗೊಂದು ಕಲೆಯುವುದಿಲ್ಲ.

2. ಸಂಖ್ಯೆಯ ಜೊತೆಗಿರುವ ಪದವನ್ನು ಬಿಡಬೇಡಿ

171ನೇ ವಿಧಿ ಭಿನ್ನರಾಶಿಗಳ ಕಣಜ. ಪರಿಷತ್ತಿನ ಒಟ್ಟು ಸ್ಥಾನಗಳು ವಿಧಾನಸಭೆಯ ಒಟ್ಟು ಸದಸ್ಯರ ಮೂರನೇ ಒಂದನ್ನು ಮೀರಬಾರದು. ಪರಂತುಕ ಬಂದು, ಯಾವ ಸಂದರ್ಭದಲ್ಲೂ 40ಕ್ಕಿಂತ ಕಡಿಮೆ ಇರಬಾರದು ಎನ್ನುತ್ತದೆ. "ಮೂರನೇ ಒಂದರಷ್ಟು ಇರತಕ್ಕದ್ದು" ಎಂದು ಬರೆದ ಹೇಳಿಕೆ ಮಿತಿಯನ್ನು ನಿಗದಿಯಾಗಿ ಬದಲಿಸಿಬಿಟ್ಟಿರುತ್ತದೆ. ಸಂಖ್ಯೆ ಸರಿಯಿದ್ದರೂ ಹೇಳಿಕೆ ತಪ್ಪು.

ಸದಸ್ಯರ ಹಂಚಿಕೆ ಹೀಗಿದೆ: ಸಾಧ್ಯವಾದಷ್ಟು ಮಟ್ಟಿಗೆ ಮೂರನೇ ಒಂದು ಭಾಗವನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ, ಹನ್ನೆರಡನೇ ಒಂದನ್ನು ಪದವೀಧರರು, ಹನ್ನೆರಡನೇ ಒಂದನ್ನು ಶಿಕ್ಷಕರು, ಮೂರನೇ ಒಂದನ್ನು ವಿಧಾನಸಭೆಯ ಸದಸ್ಯರು. ಉಳಿದವರನ್ನು ರಾಜ್ಯಪಾಲರು ನಾಮನಿರ್ದೇಶನ ಮಾಡುತ್ತಾರೆ.

"ಉಳಿದವರನ್ನು" ಎಂಬ ಪದವನ್ನು ಗಮನಿಸಿ. ಗೈಡುಗಳಲ್ಲಿ ಸಾಮಾನ್ಯವಾಗಿ "ಆರನೇ ಒಂದು ಭಾಗ ನಾಮನಿರ್ದೇಶನ" ಎಂದು ಇರುತ್ತದೆ. ಲೆಕ್ಕ ಹಾಕಿದರೆ ಉಳಿಯುವುದು ಆರನೇ ಒಂದೇ, ಆದರೆ ವಿಧಿಯ ಪದ ಅದಲ್ಲ. ಈ ಸೂಕ್ಷ್ಮ ಏಕೆ ಮುಖ್ಯ ಎಂಬುದಕ್ಕೆ ನಮ್ಮ ಪರಿಷತ್ತೇ ಸಾಕ್ಷಿ. ಕರ್ನಾಟಕದಲ್ಲಿ 75 ಸ್ಥಾನಗಳು. ಅದರ ಆರನೇ ಒಂದು ಹನ್ನೆರಡೂವರೆ. ಆದರೆ ನಾಮನಿರ್ದೇಶಿತರ ಸ್ಥಾನ 11. ಏಕೆ? 75ನ್ನು ಹನ್ನೆರಡರಿಂದ ಭಾಗಿಸಿದರೆ ಆರೂಕಾಲು ಬರುತ್ತದೆ. ಕಾಲು ಸದಸ್ಯರನ್ನು ಆರಿಸಲಾಗದ ಕಾರಣ ಪದವೀಧರ ಕ್ಷೇತ್ರಗಳಿಗೆ 7, ಶಿಕ್ಷಕರ ಕ್ಷೇತ್ರಗಳಿಗೆ 7 ಸ್ಥಾನ ಕೊಡಲಾಗಿದೆ. ಸ್ಥಳೀಯ ಸಂಸ್ಥೆಗಳಿಗೆ 25, ವಿಧಾನಸಭೆಯಿಂದ 25. ಒಟ್ಟು 64. ಉಳಿದದ್ದು 11. "ಸಾಧ್ಯವಾದಷ್ಟು ಮಟ್ಟಿಗೆ" ಮತ್ತು "ಉಳಿದವರು" ಎಂಬ ಎರಡು ಪದಗಳು ಇಲ್ಲದಿದ್ದರೆ ಈ ಹಂಚಿಕೆಯೇ ಸಂವಿಧಾನಬಾಹಿರವಾಗುತ್ತಿತ್ತು.

ಇಲ್ಲೇ ಒಂದು ಎಚ್ಚರಿಕೆ. ಆಯ್ಕೆಯಲ್ಲಿ "ಸುಮಾರು ಆರನೇ ಒಂದು ಭಾಗ ನಾಮನಿರ್ದೇಶಿತರು" ಎಂದಿದ್ದರೆ ಅದನ್ನು ತಪ್ಪೆಂದು ಹೊಡೆದುಹಾಕಬೇಡಿ. ಪ್ರಶ್ನೆ ಕೇಳುವವರು ಅದನ್ನು ಸರಿ ಎಂದೇ ಬಗೆಯುತ್ತಾರೆ. ಸೂಕ್ಷ್ಮವಾಗಿ ಓದಬೇಕು, ನಿಜ. ಆದರೆ ಹೇಳಿಕೆಯಲ್ಲಿ ಇಲ್ಲದ ದೋಷವನ್ನು ನಾವೇ ಸೃಷ್ಟಿಸಬಾರದು.

ಪದವೀಧರ ಮತದಾರರಿಗೆ ಪದವಿ ಸಿಕ್ಕಿ, ಶಿಕ್ಷಕ ಮತದಾರರು ಬೋಧನೆಯಲ್ಲಿ ತೊಡಗಿ ಕನಿಷ್ಠ ಮೂರು ವರ್ಷ ಆಗಿರಬೇಕು ಎಂಬುದು ಎಲ್ಲರಿಗೂ ನೆನಪಿರುತ್ತದೆ. ಅದಕ್ಕೇ ಬದಲಾವಣೆ ಸಾಮಾನ್ಯವಾಗಿ ಅಲ್ಲಿ ಇರುವುದಿಲ್ಲ, ಪಕ್ಕದಲ್ಲಿರುತ್ತದೆ. ಪದವೀಧರ ಮತದಾರರು ಆ ರಾಜ್ಯದಲ್ಲಿ ವಾಸಿಸಬೇಕು, ಆದರೆ ಪದವಿ ಭಾರತದ ಯಾವ ವಿಶ್ವವಿದ್ಯಾಲಯದ್ದಾದರೂ ಆಗಬಹುದು. ಶಿಕ್ಷಕರ ವಿಷಯದಲ್ಲಿ ಶಾಲೆ ಆ ರಾಜ್ಯದೊಳಗೇ ಇರಬೇಕು, ಅದೂ ಮಾಧ್ಯಮಿಕ ಶಾಲೆಯ ಮಟ್ಟಕ್ಕಿಂತ ಕೆಳಗಿನದಾಗಿರಬಾರದು. ಮೇಲ್ನೋಟಕ್ಕೆ ಅವಳಿಗಳಂತೆ ಕಾಣುವ ಎರಡು ಉಪಖಂಡಗಳಲ್ಲಿ "ರಾಜ್ಯದೊಳಗೆ" ಎಂಬುದು ಬೇರೆ ಬೇರೆ ಪದಕ್ಕೆ ಅಂಟಿಕೊಂಡಿದೆ. ಹೇಳಿಕೆಯಲ್ಲಿ ಅದನ್ನು ಅದಲು ಬದಲು ಮಾಡಿದರೆ ಹಿಡಿಯುವವರು ಕಡಿಮೆ.

ಇವೆಲ್ಲ ಮತದಾರರ ಅರ್ಹತೆ, ಅಭ್ಯರ್ಥಿಯ ಅರ್ಹತೆಯಲ್ಲ ಎಂಬುದನ್ನೂ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಪದವೀಧರ ಕ್ಷೇತ್ರದಿಂದ ಸ್ಪರ್ಧಿಸುವವರು ಸ್ವತಃ ಪದವೀಧರರಾಗಿರಬೇಕೆಂದು ಸಂವಿಧಾನ ಹೇಳುವುದಿಲ್ಲ. 1972ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಅಭ್ಯರ್ಥಿಗೆ 173ನೇ ವಿಧಿ ಹೇಳುವ ವಯಸ್ಸು, ಪರಿಷತ್ತಿಗಾದರೆ 30 ವರ್ಷ.

3. ಹೋಲುವ ವಿಧಿಯನ್ನು ಪಕ್ಕದಲ್ಲಿಟ್ಟು ಓದಿ

ಪ್ರಶ್ನೆ ತಯಾರಿಸುವವರಿಗೆ ತಪ್ಪು ವಿವರ ಎಲ್ಲಿಂದ ಸಿಗುತ್ತದೆ? ಹೆಚ್ಚಿನ ವೇಳೆ ಪಕ್ಕದ ವಿಧಿಯಿಂದ. ಪರಿಷತ್ತಿನ ಹೇಳಿಕೆಗೆ ತಪ್ಪನ್ನು ಎರವಲು ತರುವುದು ರಾಜ್ಯಸಭೆಯ ವಿಧಿಗಳಿಂದ. ಹಾಗಾಗಿ ಪರಿಷತ್ತನ್ನು ಒಂಟಿಯಾಗಿ ಓದಬೇಡಿ. ನೋಟ್‌ಬುಕ್ಕಿನ ಎಡ ಪುಟದಲ್ಲಿ ಪರಿಷತ್ತು, ಬಲ ಪುಟದಲ್ಲಿ ರಾಜ್ಯಸಭೆ ಇರಲಿ. ಎರಡೂ ಒಂದೇ ಆಗಿರುವ ಸಂಗತಿಗಳನ್ನು ಬರೆಯುವುದೇ ಬೇಡ, ಬೇರೆಯಾಗಿರುವಲ್ಲಿ ಮಾತ್ರ ಬರೆಯಿರಿ.

ನಾಮನಿರ್ದೇಶನದ ಕ್ಷೇತ್ರಗಳು ಮೊದಲ ಉದಾಹರಣೆ. ರಾಷ್ಟ್ರಪತಿ ರಾಜ್ಯಸಭೆಗೆ 12 ಮಂದಿಯನ್ನು ಹೆಸರಿಸುವಾಗ ಸಾಹಿತ್ಯ, ವಿಜ್ಞಾನ, ಕಲೆ ಮತ್ತು ಸಮಾಜ ಸೇವೆ ಎಂಬ ನಾಲ್ಕು ಕ್ಷೇತ್ರಗಳಿವೆ. ರಾಜ್ಯಪಾಲರು ಪರಿಷತ್ತಿಗೆ ಹೆಸರಿಸುವಾಗ ಈ ನಾಲ್ಕರ ಜೊತೆಗೆ ಐದನೆಯದಾಗಿ ಸಹಕಾರ ಚಳವಳಿ ಇದೆ. ಈ ಒಂದು ಪದವನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸರಿಸಿ ಎಷ್ಟು ಬಗೆಯ ಹೇಳಿಕೆ ಬೇಕಾದರೂ ಮಾಡಬಹುದು.

ಎರಡನೆಯದು ಮಸೂದೆಯ ಭಿನ್ನಾಭಿಪ್ರಾಯ. ಸಾಮಾನ್ಯ ಮಸೂದೆಯ ಬಗ್ಗೆ ಲೋಕಸಭೆ, ರಾಜ್ಯಸಭೆಗಳ ನಡುವೆ ಬಿಕ್ಕಟ್ಟು ಬಂದರೆ 108ನೇ ವಿಧಿಯಡಿ ರಾಷ್ಟ್ರಪತಿ ಜಂಟಿ ಅಧಿವೇಶನ ಕರೆಯಬಹುದು. ಅಲ್ಲಿಯ ಅವಧಿ ಆರು ತಿಂಗಳು. ರಾಜ್ಯದಲ್ಲಿ ಜಂಟಿ ಅಧಿವೇಶನದ ಮೂಲಕ ಬಿಕ್ಕಟ್ಟು ಬಿಡಿಸುವ ವ್ಯವಸ್ಥೆಯೇ ಇಲ್ಲ. 197ನೇ ವಿಧಿಯ ಪ್ರಕಾರ, ವಿಧಾನಸಭೆ ಕಳಿಸಿದ ಮಸೂದೆಯನ್ನು ಪರಿಷತ್ತು ತಿರಸ್ಕರಿಸಿದರೆ, ಅಥವಾ ತನ್ನ ಮುಂದೆ ಮಂಡನೆಯಾದ ದಿನದಿಂದ ಮೂರು ತಿಂಗಳು ದಾಟಿದರೂ ಅಂಗೀಕರಿಸದಿದ್ದರೆ, ಅಥವಾ ಸಭೆ ಒಪ್ಪದ ತಿದ್ದುಪಡಿ ಮಾಡಿದರೆ, ವಿಧಾನಸಭೆ ಅದನ್ನು ಮತ್ತೊಮ್ಮೆ ಅಂಗೀಕರಿಸಿ ಕಳಿಸಬಹುದು. ಎರಡನೇ ಸಲ ಪರಿಷತ್ತಿಗೆ ಸಿಗುವುದು ಒಂದು ತಿಂಗಳು. ಆಗಲೂ ಒಪ್ಪದಿದ್ದರೆ ಮಸೂದೆ ಉಭಯ ಸದನಗಳಲ್ಲೂ ಅಂಗೀಕಾರವಾಯಿತೆಂದೇ ಭಾವಿಸಲಾಗುತ್ತದೆ.

ಇದನ್ನು ಹಲವರು "ಒಟ್ಟು ನಾಲ್ಕು ತಿಂಗಳು" ಎಂದು ಕೂಡಿಸಿ ಬರೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೂಡಿಸಿದ ಸಂಖ್ಯೆ ತಲೆಯಲ್ಲಿ ಕುಳಿತರೆ "ಮೊದಲ ಸಲ ನಾಲ್ಕು ತಿಂಗಳವರೆಗೆ ತಡೆಹಿಡಿಯಬಹುದು" ಎಂಬ ಹೇಳಿಕೆ ಸರಿಯಾಗಿಯೇ ಕಾಣುತ್ತದೆ. ಮೂರು, ಆಮೇಲೆ ಒಂದು ಎಂದೇ ಇರಲಿ. ಹಣ ಮಸೂದೆಗೆ ಅವಧಿ 14 ದಿನ, ಅದು ಪರಿಷತ್ತಿಗೆ ಮಸೂದೆ ತಲುಪಿದ ದಿನದಿಂದ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ "ಹಣ ಮಸೂದೆ", "ಧನ ವಿಧೇಯಕ" ಎಂದರೆ ಒಂದೇ. "ಹಣಕಾಸು ಮಸೂದೆ" ಎಂಬುದು ಬೇರೆ ಅರ್ಥದಲ್ಲೂ ಬಳಕೆಯಲ್ಲಿದೆ, ಹಾಗಾಗಿ ಆ ಪದ ಕಂಡಾಗ ಪಕ್ಕದ ಇಂಗ್ಲಿಷ್ ಪಠ್ಯವನ್ನು ನೋಡಿಯೇ ಮುಂದೆ ಹೋಗಿ.

ಮೂರನೆಯದು ನನಗೆ ಬಹಳ ಇಷ್ಟವಾದ ವ್ಯತ್ಯಾಸ. ರಾಜ್ಯಸಭೆಗೆ ರಾಜ್ಯದ ಪ್ರತಿನಿಧಿಗಳನ್ನು ಆರಿಸುವವರು ವಿಧಾನಸಭೆಯ "ಚುನಾಯಿತ ಸದಸ್ಯರು" ಎನ್ನುತ್ತದೆ 80ನೇ ವಿಧಿ. ಪರಿಷತ್ತಿಗೆ ಆರಿಸುವವರು ವಿಧಾನಸಭೆಯ "ಸದಸ್ಯರು" ಎಂದಷ್ಟೇ ಹೇಳುತ್ತದೆ 171ನೇ ವಿಧಿ. ಹಿಂದೆ ವಿಧಾನಸಭೆಗೆ ಆಂಗ್ಲೋ ಇಂಡಿಯನ್ ಸದಸ್ಯರ ನಾಮನಿರ್ದೇಶನ ಇದ್ದಾಗ ಈ ವ್ಯತ್ಯಾಸಕ್ಕೆ ಕೆಲಸವಿತ್ತು. 104ನೇ ತಿದ್ದುಪಡಿಯ ಬಳಿಕ, 2020ರ ಜನವರಿಯಿಂದ ಆ ನಾಮನಿರ್ದೇಶನ ಇಲ್ಲ. ಆದರೆ ವಿಧಿಯ ಪದಗಳು ಹಾಗೆಯೇ ಉಳಿದಿವೆ, ಪ್ರಶ್ನೆಗೆ ಅಷ್ಟು ಸಾಕು.

ಸಭಾಪತಿಯ ವಿಷಯ ಬೇಗ ಮುಗಿಯುತ್ತದೆ. ರಾಜ್ಯಸಭೆಯ ಸಭಾಪತಿ ಉಪರಾಷ್ಟ್ರಪತಿ, ಅವರು ಆ ಸದನದ ಸದಸ್ಯರಲ್ಲ. ಪರಿಷತ್ತಿನ ಸಭಾಪತಿ ಪರಿಷತ್ತಿನ ಸದಸ್ಯರೇ, ಅವರನ್ನು ಪರಿಷತ್ತೇ ಆರಿಸಿಕೊಳ್ಳುತ್ತದೆ. ರಾಜ್ಯಪಾಲರಿಗೆ ಇಲ್ಲಿ ಪಾತ್ರವಿಲ್ಲ.

4. "ಇದನ್ನು ಹೇಳಿದ್ದು ಯಾರು?" ಎಂದು ಕೇಳಿ

ಈ ಹಂತವನ್ನು ಬಹುತೇಕರು ಬಿಟ್ಟೇಬಿಡುತ್ತಾರೆ. "ಪರಿಷತ್ತಿನ ಸದಸ್ಯರ ಅವಧಿ ಆರು ವರ್ಷ" ಎಂಬುದು ಸರಿ. "ಪರಿಷತ್ತಿನ ಸದಸ್ಯರ ಅವಧಿಯನ್ನು ಸಂವಿಧಾನ ಆರು ವರ್ಷ ಎಂದು ನಿಗದಿಪಡಿಸಿದೆ" ಎಂಬುದು ತಪ್ಪು. 172ನೇ ವಿಧಿ ಹೇಳುವುದು ಎರಡೇ ಮಾತು: ಪರಿಷತ್ತನ್ನು ವಿಸರ್ಜಿಸುವಂತಿಲ್ಲ, ಮತ್ತು ಸಾಧ್ಯವಾದಷ್ಟು ಮಟ್ಟಿಗೆ ಮೂರನೇ ಒಂದರಷ್ಟು ಸದಸ್ಯರು ಪ್ರತಿ ಎರಡನೇ ವರ್ಷ ನಿವೃತ್ತರಾಗಬೇಕು. ಆರು ವರ್ಷ ಎಂಬುದು ಬಂದಿರುವುದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಿಂದ. ರಾಜ್ಯಸಭೆಯ ಸದಸ್ಯರ ಅವಧಿಯದೂ ಇದೇ ಕಥೆ.

ಹಾಗೆಯೇ ಕರ್ನಾಟಕದ ಪರಿಷತ್ತಿಗೆ 75 ಸ್ಥಾನ ಎಂಬುದು ಸಂವಿಧಾನದಲ್ಲಿ ಇಲ್ಲ, 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದೆ. ಹೇಳಿಕೆಯಲ್ಲಿ "ಸಂವಿಧಾನದ ಪ್ರಕಾರ", "ಸಂವಿಧಾನವು ನಿಗದಿಪಡಿಸಿದೆ" ಎಂಬ ಪದಗಳು ಕಂಡ ಕೂಡಲೇ ಒಂದು ಕ್ಷಣ ನಿಂತು, ಇದು ವಿಧಿಯೋ, ಕಾಯ್ದೆಯೋ, ಸದನದ ನಿಯಮವೋ, ನ್ಯಾಯಾಲಯದ ತೀರ್ಪೋ ಎಂದು ಕೇಳಿಕೊಳ್ಳಿ. ನೋಟ್‌ಬುಕ್ಕಿನಲ್ಲಿ ಪ್ರತಿ ಸಂಖ್ಯೆಯ ಮುಂದೆ ಅದರ ಮೂಲವನ್ನು ಒಂದೇ ಅಕ್ಷರದಲ್ಲಿ ಗುರುತಿಸಿಕೊಳ್ಳಿ: ಸಂವಿಧಾನಕ್ಕೆ "ಸಂ", ಕಾಯ್ದೆಗೆ "ಕಾ", ತೀರ್ಪಿಗೆ "ತೀ".

5. ಅಪೂರ್ಣ ಹೇಳಿಕೆಯನ್ನು ತಪ್ಪು ಹೇಳಿಕೆ ಎನ್ನಬೇಡಿ

ಮೇಲಿನ ನಾಲ್ಕು ಹಂತಗಳನ್ನು ರೂಢಿಸಿಕೊಂಡವರಿಗೆ ಹೊಸದೊಂದು ಕಾಯಿಲೆ ಅಂಟಿಕೊಳ್ಳುತ್ತದೆ: ಎಲ್ಲದರಲ್ಲೂ ತಪ್ಪು ಕಾಣುವುದು. ಈ ಎರಡನ್ನು ನೋಡಿ.

"ಸಾಹಿತ್ಯ ಮತ್ತು ಸಹಕಾರ ಚಳವಳಿಯಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇರುವವರನ್ನು ರಾಜ್ಯಪಾಲರು ಪರಿಷತ್ತಿಗೆ ನಾಮನಿರ್ದೇಶನ ಮಾಡಬಹುದು."

"ಸಾಹಿತ್ಯ ಮತ್ತು ಸಹಕಾರ ಚಳವಳಿಯಲ್ಲಿ ವಿಶೇಷ ಜ್ಞಾನ ಅಥವಾ ಅನುಭವ ಇರುವವರನ್ನು ಮಾತ್ರ ರಾಜ್ಯಪಾಲರು ಪರಿಷತ್ತಿಗೆ ನಾಮನಿರ್ದೇಶನ ಮಾಡಬಹುದು."

ಮೊದಲನೆಯದರಲ್ಲಿ ಮೂರು ಕ್ಷೇತ್ರಗಳ ಹೆಸರಿಲ್ಲ, ಆದರೂ ಹೇಳಿದ್ದೆಲ್ಲ ನಿಜ. ಅದು ಸರಿ. ಎರಡನೆಯದು ಉಳಿದ ಮೂರನ್ನು ಹೊರಗಿಟ್ಟಿತು, ಆದ್ದರಿಂದ ತಪ್ಪು. ಹೇಳಿಕೆ ಏನನ್ನು ಹೇಳದೆ ಬಿಟ್ಟಿತು ಎಂಬುದು ಮುಖ್ಯವಲ್ಲ, ಏನನ್ನು ಅಲ್ಲಗಳೆಯಿತು ಎಂಬುದು ಮುಖ್ಯ.

ಇದರಿಂದ "ಮಾತ್ರ, ಎಲ್ಲ, ಯಾವುದೇ ಎಂಬ ಪದ ಇದ್ದರೆ ಹೇಳಿಕೆ ತಪ್ಪು" ಎಂಬ ಸುಲಭ ಸೂತ್ರ ಮಾಡಿಕೊಂಡವರೂ ಇದ್ದಾರೆ. ಕಾನೂನಿನ ಪ್ರಶ್ನೆಗಳಲ್ಲಿ ಆ ಸೂತ್ರ ಕೈಕೊಡುತ್ತದೆ, ಏಕೆಂದರೆ ಕಾನೂನೇ ಅನೇಕ ಕಡೆ ಕಡಾಖಂಡಿತವಾಗಿ ಮಾತಾಡುತ್ತದೆ. "ಹಣ ಮಸೂದೆಯನ್ನು ಯಾವುದೇ ಸಂದರ್ಭದಲ್ಲೂ ಪರಿಷತ್ತಿನಲ್ಲಿ ಮಂಡಿಸುವಂತಿಲ್ಲ" ಎಂಬುದು ಕೇಳಲು ಎಷ್ಟೇ ಅತಿಯಾಗಿ ಕಂಡರೂ 198ನೇ ವಿಧಿಯ ಪ್ರಕಾರ ಸರಿ.

6. ಪರೀಕ್ಷೆಯ ಕೊಠಡಿಯಲ್ಲಿ: ಒಂದು ಪ್ರಶ್ನೆಯನ್ನು ಬಿಡಿಸೋಣ

ನಾನೇ ರಚಿಸಿದ ಪ್ರಶ್ನೆ ಇದು.

ರಾಜ್ಯ ವಿಧಾನ ಪರಿಷತ್ತಿಗೆ ಸಂಬಂಧಿಸಿದ ಈ ಹೇಳಿಕೆಗಳಲ್ಲಿ ಎಷ್ಟು ಸರಿ?
(1) ಪರಿಷತ್ತನ್ನು ರದ್ದುಪಡಿಸುವ ನಿರ್ಣಯವನ್ನು ವಿಧಾನಸಭೆ ತನ್ನ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬಹುಮತದಿಂದ ಅಂಗೀಕರಿಸಬೇಕು.
(2) ಪರಿಷತ್ತಿನ ಸುಮಾರು ಮೂರನೇ ಒಂದರಷ್ಟು ಸದಸ್ಯರನ್ನು ವಿಧಾನಸಭೆಯ ಸದಸ್ಯರು, ಆ ಸಭೆಯ ಸದಸ್ಯರಲ್ಲದವರಿಂದ ಆರಿಸುತ್ತಾರೆ.
(3) ಸಾಮಾನ್ಯ ಮಸೂದೆಯನ್ನು ಪರಿಷತ್ತು ಎರಡನೇ ಸಲವೂ ತಿರಸ್ಕರಿಸಿದರೆ ರಾಜ್ಯಪಾಲರು ಜಂಟಿ ಅಧಿವೇಶನ ಕರೆಯಬಹುದು.
(4) ಪರಿಷತ್ತು ತನ್ನ ಸದಸ್ಯರಲ್ಲಿ ಒಬ್ಬರನ್ನು ಸಭಾಪತಿಯಾಗಿ ಆರಿಸಿಕೊಳ್ಳುತ್ತದೆ.

ಆಯ್ಕೆಗಳು: ಒಂದು ಮಾತ್ರ, ಎರಡು ಮಾತ್ರ, ಮೂರು ಮಾತ್ರ, ನಾಲ್ಕೂ.

"1 ಮತ್ತು 2 ಸರಿ", "2 ಮತ್ತು 4 ಸರಿ" ಎಂಬ ಹಳೆಯ ಮಾದರಿಯಲ್ಲಿ ಒಂದು ಹೇಳಿಕೆ ಖಚಿತವಾದರೆ ಎರಡು ಆಯ್ಕೆಗಳು ತಾವಾಗಿ ಬಿದ್ದುಹೋಗುತ್ತಿದ್ದವು. 2023ರಿಂದ ಕೇಂದ್ರ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯಲ್ಲಿ "ಎಷ್ಟು ಸರಿ" ಎಂಬ ಮಾದರಿ ಹೆಚ್ಚಾದ ಮೇಲೆ ಆ ದಾರಿ ಮುಚ್ಚಿದೆ. ಪ್ರತಿ ಹೇಳಿಕೆಯನ್ನೂ ಖಚಿತವಾಗಿ ತೀರ್ಮಾನಿಸಲೇಬೇಕು.

ಪೆನ್ಸಿಲ್ ಹಿಡಿದು ಪ್ರತಿ ಹೇಳಿಕೆಯಲ್ಲಿ ಬದಲಿಸಬಹುದಾದ ಪದಗಳ ಕೆಳಗೆ ಮಾತ್ರ ಗೆರೆ ಎಳೆಯಿರಿ. ಮೊದಲನೆಯದರಲ್ಲಿ "ವಿಧಾನಸಭೆ", "ಒಟ್ಟು ಸದಸ್ಯರ", "ಮೂರನೇ ಎರಡು". ಮೂರೂ ವಿಧಿಯಲ್ಲಿರುವ ಪದಗಳೇ. ಆದರೆ ವಿಧಿಯಲ್ಲಿ "ಒಟ್ಟು" ಎಂಬುದು ಬರೀ ಬಹುಮತಕ್ಕೆ ಅಂಟಿದೆ, "ಮೂರನೇ ಎರಡು" ಎಂಬುದು ಹಾಜರಿದ್ದು ಮತ ಚಲಾಯಿಸಿದವರಿಗೆ ಅಂಟಿದೆ. ಹೇಳಿಕೆ ಎರಡನ್ನೂ ಬೆಸೆದಿದೆ. ತಪ್ಪು. ಎರಡನೆಯದರಲ್ಲಿ "ಮೂರನೇ ಒಂದು", "ವಿಧಾನಸಭೆಯ ಸದಸ್ಯರು", "ಸದಸ್ಯರಲ್ಲದವರಿಂದ". ಮೂರೂ 171ಕ್ಕೆ ಹೊಂದುತ್ತವೆ. "ಚುನಾಯಿತ" ಎಂಬ ಪದ ಇಲ್ಲದ್ದನ್ನು ಕಂಡು ಅನುಮಾನಿಸಬೇಡಿ, ಇಲ್ಲಿ ಅದು ಇರಬಾರದು. ಸರಿ. ಮೂರನೆಯದರಲ್ಲಿ "ಜಂಟಿ ಅಧಿವೇಶನ" ಸಂಸತ್ತಿನಿಂದ ಎರವಲು ಬಂದಿದೆ. ತಪ್ಪು. ನಾಲ್ಕನೆಯದು 182ನೇ ವಿಧಿಗೆ ಹೊಂದುತ್ತದೆ. ಸರಿ. ಉತ್ತರ: ಎರಡು ಮಾತ್ರ.

ಒಂದು ಹೇಳಿಕೆ ತೀರ್ಮಾನವಾಗದೆ ಉಳಿದರೆ ಏನು ಮಾಡಬೇಕು? "ಎಷ್ಟು ಸರಿ" ಮಾದರಿಯಲ್ಲಿ ಒಂದು ಹೇಳಿಕೆ ಅನುಮಾನದಲ್ಲಿದ್ದರೆ ನಿಮ್ಮ ಮುಂದೆ ಉಳಿಯುವುದು ಎರಡು ಆಯ್ಕೆ, ಎರಡು ಅನುಮಾನದಲ್ಲಿದ್ದರೆ ಮೂರು. ಕೇಂದ್ರದ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತವಾಗುತ್ತದೆ. ನನ್ನ ಸಲಹೆ, ಒಂದೇ ಅನುಮಾನವಿದ್ದರೆ ಉತ್ತರಿಸಿ, ಎರಡಿದ್ದರೆ ಗುರುತು ಹಾಕಿ ಮುಂದೆ ಹೋಗಿ.

7. ತಪ್ಪು ಹೇಳಿಕೆಗಳನ್ನು ನೀವೇ ತಯಾರಿಸಿ

ವಾರಕ್ಕೆ ಒಂದೆರಡು ವಿಧಿ ಆರಿಸಿಕೊಂಡು, ಮೊದಲ ಹಂತದ ಆರು ಸಾಲುಗಳನ್ನು ಬರೆದು, ಪ್ರತಿ ಸಾಲಿನಲ್ಲೂ ಒಂದೊಂದು ವಿವರ ಬದಲಿಸಿ ಸುಳ್ಳು ಹೇಳಿಕೆ ಮಾಡಿ. ನಡುವೆ ಒಂದೆರಡು ಸರಿಯಾದವನ್ನೂ ಸೇರಿಸಿ. ಹತ್ತು ದಿನ ಬಿಟ್ಟು ನೀವೇ ಉತ್ತರಿಸಿ. ಸ್ನೇಹಿತರಿದ್ದರೆ ಪರಸ್ಪರ ಬದಲಿಸಿಕೊಳ್ಳಿ, ಅದು ಇನ್ನೂ ಉತ್ತಮ. ತಪ್ಪಾದಾಗ "169ನೇ ವಿಧಿ ಬರಲಿಲ್ಲ" ಎಂದು ಬರೆಯಬೇಡಿ, ಯಾವ ಬಗೆಯ ವಿವರದಲ್ಲಿ ತಪ್ಪಿತು ಎಂದು ಬರೆಯಿರಿ: ಯಾರು, ಎಷ್ಟು, ಯಾವಾಗಿನಿಂದ, ಬಾಧ್ಯತೆ, ಮೂಲ. ಒಂದು ತಿಂಗಳಾದ ಮೇಲೆ ಎಣಿಸಿದರೆ ನಿಮ್ಮ ತಪ್ಪುಗಳು ಒಂದೆರಡು ಬಗೆಗಳಲ್ಲೇ ಗುಂಪುಗೂಡಿರುವುದು ಕಾಣುತ್ತದೆ. ಕೆಲವರಿಗೆ ಸಂಖ್ಯೆ ಎಂದೂ ತಪ್ಪುವುದಿಲ್ಲ, "ಬಹುದು" ಮತ್ತು "ತಕ್ಕದ್ದು" ತಪ್ಪುತ್ತದೆ. ಇನ್ನು ಕೆಲವರದು ಇದಕ್ಕೆ ಉಲ್ಟಾ.

ಈಗಲೇ ಪ್ರಯತ್ನಿಸಲು ಐದು ಹೇಳಿಕೆಗಳು:

ಅ. ಹೊರ ರಾಜ್ಯದ ವಿಶ್ವವಿದ್ಯಾಲಯದಿಂದ ಪದವಿ ಪಡೆದು ನಾಲ್ಕು ವರ್ಷವಾದ, ಕರ್ನಾಟಕದಲ್ಲಿ ವಾಸಿಸುವ ವ್ಯಕ್ತಿಯನ್ನು ಪದವೀಧರ ಮತದಾರರ ಪಟ್ಟಿಯಿಂದ 171ನೇ ವಿಧಿ ಹೊರಗಿಡುವುದಿಲ್ಲ.
ಆ. ಪರಿಷತ್ತಿನ ಸುಮಾರು ಮೂರನೇ ಒಂದರಷ್ಟು ಸದಸ್ಯರು ಪ್ರತಿ ಮೂರನೇ ವರ್ಷ ನಿವೃತ್ತರಾಗುತ್ತಾರೆ.
ಇ. ರಾಜ್ಯದ ಮಂತ್ರಿಮಂಡಲ ವಿಧಾನಮಂಡಲದ ಎರಡೂ ಸದನಗಳಿಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ.
ಈ. ಪರಿಷತ್ತಿನ ಸದಸ್ಯರು ಆ ಸ್ಥಾನದ ಬಲದಿಂದ ರಾಷ್ಟ್ರಪತಿ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ.
ಉ. ಪರಿಷತ್ತಿನಲ್ಲಿ ಮೊದಲು ಮಂಡನೆಯಾದ ಸಾಮಾನ್ಯ ಮಸೂದೆಯನ್ನು ವಿಧಾನಸಭೆ ತಿರಸ್ಕರಿಸಿದರೆ, ಪರಿಷತ್ತು ಅದನ್ನು ಮತ್ತೊಮ್ಮೆ ಅಂಗೀಕರಿಸಿ ಸಭೆಯ ನಿರ್ಧಾರವನ್ನು ಮೀರಬಹುದು.

ಉತ್ತರಗಳು: ಅ ಸರಿ, ವಾಸ ರಾಜ್ಯದಲ್ಲಿದ್ದರೆ ಸಾಕು, ವಿಶ್ವವಿದ್ಯಾಲಯ ಭಾರತದಲ್ಲಿ ಎಲ್ಲಿಯದಾದರೂ ಆಗಬಹುದು. ಆ ತಪ್ಪು, ಪ್ರತಿ ಎರಡನೇ ವರ್ಷ. ಇ ತಪ್ಪು, 164ನೇ ವಿಧಿ ಹೇಳುವುದು ವಿಧಾನಸಭೆಗೆ ಮಾತ್ರ. ಈ ಸರಿ, 54ನೇ ವಿಧಿಯ ಮತದಾರ ಮಂಡಲಿಯಲ್ಲಿ ರಾಜ್ಯಗಳಿಂದ ಇರುವವರು ವಿಧಾನಸಭೆಗಳ ಚುನಾಯಿತ ಸದಸ್ಯರು. ಉ ತಪ್ಪು, 197ನೇ ವಿಧಿಯ ಮರು ಅಂಗೀಕಾರದ ಅಧಿಕಾರ ವಿಧಾನಸಭೆಯ ಮಸೂದೆಗೆ ಮಾತ್ರ. ಪರಿಷತ್ತಿನ ಮಸೂದೆಯನ್ನು ಸಭೆ ತಿರಸ್ಕರಿಸಿದರೆ ಅದರ ಕಥೆ ಅಲ್ಲಿಗೇ ಮುಗಿಯುತ್ತದೆ.